ಸಂಜ್ಞಾನಾತ್ಮಕ ಹೊರೆ ಸಿದ್ಧಾಂತದ ಮೇಲೆ ಬಿ.ಎಡ್. ಸೆಮಿನಾರ್: 20 ನಿಮಿಷದ ರೂಪರೇಖೆ, ಒಂದು ಬೀಜಗಣಿತ ಪಾಠದ ಸಮೇತ

ನಾನು ಬಿ.ಎಡ್. ಓದುವಾಗ ಇದೇ ವಿಷಯದ ಮೇಲೆ ಸೆಮಿನಾರ್ ಕೊಟ್ಟಿದ್ದೆ. ಪಿಪಿಟಿಯಲ್ಲಿ 42 ಸ್ಲೈಡ್. ಒಂದೊಂದರಲ್ಲೂ ಹತ್ತು ಹನ್ನೆರಡು ಸಾಲು. ಅದನ್ನೆಲ್ಲ ಪರದೆ ಕಡೆ ತಿರುಗಿಕೊಂಡು ಓದುತ್ತಾ ಹೋದೆ. ಮುಗಿದ ಮೇಲೆ ಗೆಳತಿಯೊಬ್ಬಳು ಬಂದು, "ಅಲ್ಲ ಕಣೇ, ಒಂದೇ ಸಲ ಜಾಸ್ತಿ ತುಂಬಿದ್ರೆ ತಲೆಗೆ ಹೋಗಲ್ಲ ಅಂತ ತಾನೇ ನೀನು ಹೇಳಿದ್ದು?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಈ ವಿಷಯ ತೆಗೆದುಕೊಂಡವರಿಗೆ ಇರುವ ಫಜೀತಿಯೇ ಇದು. ಬ್ಲೂಮ್ ಬಗ್ಗೆ ಕೆಟ್ಟದಾಗಿ ಸೆಮಿನಾರ್ ಕೊಟ್ಟರೆ ಅದು ಬರೀ ಕೆಟ್ಟ ಸೆಮಿನಾರ್. ಆದರೆ ಹೊರೆ ಸಿದ್ಧಾಂತದ ಬಗ್ಗೆ ಕೆಟ್ಟದಾಗಿ ಕೊಟ್ಟರೆ, ನಿಮಗೆ ವಿಷಯ ಅರ್ಥವಾಗಿಲ್ಲ ಅಂತ ಎಲ್ಲರ ಎದುರೇ ಗೊತ್ತಾಗಿಬಿಡುತ್ತದೆ. ಹಾಗಾಗಿ ಕೆಳಗಿನ ರೂಪರೇಖೆಯಲ್ಲಿ ಸೆಮಿನಾರ್ ಕೂಡ ಸಿದ್ಧಾಂತ ಹೇಳಿದಂತೆಯೇ ನಡೆಯುತ್ತದೆ. 20 ನಿಮಿಷ ಮಾತು, ಆಮೇಲೆ 10 ನಿಮಿಷ ಪ್ರಶ್ನೆ ಅಂತ ಲೆಕ್ಕ ಹಾಕಿದ್ದೇನೆ.

ಹಂತ 1: ಏನು ಬಿಡಬೇಕು ಅಂತ ಮೊದಲು ನಿರ್ಧರಿಸಿ

ಈ ಸಿದ್ಧಾಂತ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಜಾನ್ ಸ್ವೆಲ್ಲರ್ ಅವರದು. 1988ರ ಲೇಖನದಿಂದ ಅದಕ್ಕೆ ಈ ಹೆಸರು ನಿಂತಿತು. ಅಲ್ಲಿಂದೀಚೆಗೆ ಇದರಡಿ ಹತ್ತಕ್ಕೂ ಹೆಚ್ಚು 'ಪರಿಣಾಮಗಳು' ಸೇರಿಕೊಂಡಿವೆ. ಎಲ್ಲವನ್ನೂ ಹೇಳಲು ಹೋದರೆ ಯಾವುದೂ ಉಳಿಯುವುದಿಲ್ಲ. ಒಂದನ್ನು ಹಿಡಿದು ಆಳವಾಗಿ ಹೇಳಿ. ನನ್ನ ಆಯ್ಕೆ ಬಿಡಿಸಿದ ಲೆಕ್ಕ, ಅಂದರೆ ಇಂಗ್ಲಿಷಿನವರು ವರ್ಕ್ಡ್ ಎಗ್ಸಾಂಪಲ್ ಅನ್ನುವುದು. ಅದಕ್ಕೆ ಸಂಶೋಧನೆಯ ಬೆಂಬಲವೂ ಚೆನ್ನಾಗಿದೆ, ಅಭ್ಯಾಸ ಪಾಠದಲ್ಲಿ ನಾಳೆಯೇ ಮಾಡಿ ನೋಡಬಹುದು. ಅದರ ಜೊತೆಗೆ ಒಂದು ಚಿಕ್ಕ ವಿಜ್ಞಾನದ ಉದಾಹರಣೆ, ಒಂದು ಮಿತಿ. ಇಷ್ಟೇ ಸಾಕು.

ಸಮಯ ಹೀಗೆ ಹಂಚಿ: ಶುರುವಿನ ಆಟಕ್ಕೆ 3 ನಿಮಿಷ, ಸ್ಮೃತಿಯ ವಿವರಣೆಗೆ 4, ಹೊರೆಯ ಬಗೆಗಳಿಗೆ 3, ಗಣಿತದ ಪಾಠಕ್ಕೆ 6, ಹೃದಯದ ಚಿತ್ರಕ್ಕೆ 2, ಮಿತಿಗೆ 2. ಗಣಿತಕ್ಕೆ ಇಟ್ಟ 6 ನಿಮಿಷವನ್ನು ಯಾವ ಕಾರಣಕ್ಕೂ ಕತ್ತರಿಸಬೇಡಿ. ಸಮಯ ಮೀರುತ್ತಿದ್ದರೆ ಹೃದಯದ ಚಿತ್ರ ಬಿಡಿ.

ಹಂತ 2: ವ್ಯಾಖ್ಯೆಯಿಂದಲ್ಲ, ಒಂಬತ್ತು ಅಕ್ಷರದಿಂದ ಶುರು ಮಾಡಿ

ಮೊದಲ ಸ್ಲೈಡಿನಲ್ಲಿ ಇಷ್ಟೇ ಇರಲಿ:

ಲ ಗ ವ ಕ ನ ಸ ಬ ಗ ಮ

ಐದು ಸೆಕೆಂಡ್ ತೋರಿಸಿ, ಮುಚ್ಚಿ. ನೆನಪಿದ್ದಷ್ಟನ್ನು ಅದೇ ಕ್ರಮದಲ್ಲಿ ಬರೆಯಲು ಹೇಳಿ. ಬಹಳಷ್ಟು ಜನ ನಾಲ್ಕೈದು ಅಕ್ಷರ ಬರೆದು ಪೆನ್ನು ಕಚ್ಚುತ್ತಾ ಕೂರುತ್ತಾರೆ. ಈಗ ಎರಡನೇ ಸ್ಲೈಡ್, ಅದೂ ಐದೇ ಸೆಕೆಂಡ್:

ಕಮಲ ಬಸವ ಗಗನ

ಎಲ್ಲರೂ ಪೂರ್ತಿ ಬರೆಯುತ್ತಾರೆ. ಆಮೇಲೆ ಹೇಳಿ, ಎರಡು ಸಲವೂ ತೋರಿಸಿದ್ದು ಅದೇ ಒಂಬತ್ತು ಅಕ್ಷರ. ಸಭೆಯಲ್ಲಿ ಒಂದು ಸಣ್ಣ ಗುಜುಗುಜು ಏಳುತ್ತದೆ, ಏಳಲಿ ಬಿಡಿ. ಇನ್ನೊಂದು ಮಾತು ಸೇರಿಸಿ: ಕನ್ನಡ ಬಾರದವರಿಗೆ ಎರಡನೇ ಸ್ಲೈಡ್ ಕೂಡ ಮೊದಲನೆಯದರಷ್ಟೇ ಕಷ್ಟ. ಅಂದರೆ ಕಷ್ಟ ಸ್ಲೈಡಿನಲ್ಲಿ ಮಾತ್ರ ಇಲ್ಲ, ನೋಡುವವರ ತಲೆಯಲ್ಲಿ ಮೊದಲೇ ಏನಿದೆ ಅನ್ನುವುದರ ಮೇಲೂ ನಿಂತಿದೆ. ಈ ಒಂದು ಮಾತನ್ನು ಮುಂದೆಯೂ ಬಳಸುತ್ತೀರಿ.

ಹಂತ 3: ಎರಡು ಪೆಟ್ಟಿಗೆ, ಒಂದು ಕಥೆ

ಬೋರ್ಡಿನ ಮೇಲೆ ಎರಡು ಪೆಟ್ಟಿಗೆ ಬರೆಯಿರಿ, ಒಂದು ಪುಟ್ಟದು, ಒಂದು ದೊಡ್ಡದು. ಪುಟ್ಟದು ಕಾರ್ಯಕಾರಿ ಸ್ಮೃತಿ. ಈಗ, ಈ ಕ್ಷಣ ಯೋಚಿಸುತ್ತಿರುವುದೆಲ್ಲ ಅಲ್ಲಿರುತ್ತದೆ. ದೊಡ್ಡದು ದೀರ್ಘಾವಧಿ ಸ್ಮೃತಿ. ಪುಟ್ಟ ಪೆಟ್ಟಿಗೆಯಲ್ಲಿ ಎಷ್ಟು ಹಿಡಿಸುತ್ತದೆ? ಜಾರ್ಜ್ ಮಿಲ್ಲರ್ 1956ರಲ್ಲಿ ಸುಮಾರು ಏಳು ಅಂದರು. ನೆಲ್ಸನ್ ಕೋವನ್ 2001ರಲ್ಲಿ ಸುಮಾರು ನಾಲ್ಕು ಅಂದರು. ಸಂಖ್ಯೆಗೆ ಜೋತುಬೀಳಬೇಡಿ. 'ಏಳು ಬಿಂದು ಇದ್ದರೆ ಪಾಠ ಸರಿ' ಅನ್ನುವ ನಿಯಮ ಯಾರೂ ಕೊಟ್ಟಿಲ್ಲ. ಜಾಗ ಬಹಳ ಕಡಿಮೆ, ಹೊಸ ವಿಷಯಕ್ಕಂತೂ ಇನ್ನೂ ಕಡಿಮೆ ಅನ್ನುವುದೇ ಮುಖ್ಯ.

ದೊಡ್ಡ ಪೆಟ್ಟಿಗೆಗೆ ಅಂಥ ಮಿತಿ ಯಾರಿಗೂ ಕಂಡಿಲ್ಲ. ಅಲ್ಲಿ ವಿಷಯಗಳು ಕಟ್ಟು ಕಟ್ಟಾಗಿ ಇರುತ್ತವೆ, ಆ ಕಟ್ಟಿಗೆ ಸ್ಕೀಮಾ ಅನ್ನುತ್ತಾರೆ. ಕಟ್ಟು ಎಷ್ಟೇ ದೊಡ್ಡದಿರಲಿ, ಪುಟ್ಟ ಪೆಟ್ಟಿಗೆಗೆ ಬಂದಾಗ ಒಂದೇ ವಸ್ತುವಿನ ಜಾಗ ಹಿಡಿಯುತ್ತದೆ. 'ಕಮಲ' ಮೂರು ಅಕ್ಷರವಲ್ಲ, ಒಂದು ಪದ. ಅಕ್ಷರದ ಆಟ ಇಲ್ಲಿ ತಾನಾಗಿ ಕೂಡಿಕೊಳ್ಳುತ್ತದೆ, ಅಲ್ವಾ.

ಈಗ ಕಥೆ. ಸ್ವೆಲ್ಲರ್ ಅವರ ತಂಡ 1980ರ ದಶಕದ ಶುರುವಿನಲ್ಲಿ ವಿದ್ಯಾರ್ಥಿಗಳಿಗೆ ಒಂದು ಸಂಖ್ಯೆಯ ಒಗಟು ಕೊಟ್ಟಿತು. ಒಂದು ಸಂಖ್ಯೆಯಿಂದ ಇನ್ನೊಂದಕ್ಕೆ ಹೋಗಬೇಕು. ಮಾಡಬಹುದಾದದ್ದು ಎರಡೇ: 3ರಿಂದ ಗುಣಿಸುವುದು, ಇಲ್ಲವೇ 29 ಕಳೆಯುವುದು. ಬೋರ್ಡಿನ ಮೇಲೆ ನೀವೇ ಒಂದು ಮಾಡಿ ತೋರಿಸಿ, 15ರಿಂದ 19ಕ್ಕೆ:

15 × 3 = 45
45 − 29 = 16
16 × 3 = 48
48 − 29 = 19

ಎಲ್ಲ ಒಗಟಿಗೂ ಉತ್ತರ ಹೀಗೇ, ಗುಣಿಸು ಕಳೆ, ಗುಣಿಸು ಕಳೆ. ವಿದ್ಯಾರ್ಥಿಗಳು ಹೆಚ್ಚು ಕಷ್ಟವಿಲ್ಲದೆ ಉತ್ತರ ಹುಡುಕಿದರು. ಆದರೆ ಇಷ್ಟು ಸುಲಭದ ನಿಯಮವನ್ನು ಗುರುತಿಸಿದವರು ಬಹಳ ಕಡಿಮೆ. 19ಕ್ಕೆ ಇನ್ನೆಷ್ಟು ದೂರ ಇದ್ದೇನೆ, ಈಗ ಯಾವುದು ಮಾಡಲಿ, ಇದು ಆಗದಿದ್ದರೆ ಮುಂದೇನು ಅಂತ ಲೆಕ್ಕ ಹಾಕುವುದರಲ್ಲೇ ಪುಟ್ಟ ಪೆಟ್ಟಿಗೆ ತುಂಬಿಹೋಗಿತ್ತು. ಕಲಿಯಲು ಜಾಗವೇ ಉಳಿದಿರಲಿಲ್ಲ. ಲೆಕ್ಕ ಬಿಡಿಸುವುದು ಬೇರೆ, ಲೆಕ್ಕದಿಂದ ಕಲಿಯುವುದು ಬೇರೆ ಅನ್ನುವ ಅನುಮಾನ ಹುಟ್ಟಿದ್ದು ಇಲ್ಲಿಂದ.

ಹಂತ 4: ಹೊರೆ ಎರಡು ಬಗೆ ಅನ್ನಿ, ಮೂರನೆಯದಕ್ಕೆ ಸಿದ್ಧರಾಗಿರಿ

ಹೊರೆ ಅಂದರೆ ಪುಸ್ತಕದ ಚೀಲದ ತೂಕವೂ ಅಲ್ಲ, ಪರೀಕ್ಷೆಯ ಒತ್ತಡವೂ ಅಲ್ಲ. ಈ ಒಂದು ವಾಕ್ಯ ಸ್ಪಷ್ಟವಾಗಿ ಹೇಳಿ. ಇಲ್ಲದಿದ್ದರೆ ಚರ್ಚೆ ಹೋಮ್‌ವರ್ಕ್ ಕಡೆ ಜಾರುತ್ತದೆ, ಮತ್ತೆ ಎಳೆದು ತರುವುದು ಕಷ್ಟ.

ಆಂತರಿಕ ಹೊರೆ ವಿಷಯದೊಳಗೇ ಇರುವುದು. ಒಟ್ಟೊಟ್ಟಿಗೆ ಎಷ್ಟು ಸಂಗತಿಗಳನ್ನು ಹಿಡಿದುಕೊಂಡರೆ ಅದು ಅರ್ಥವಾಗುತ್ತದೆ ಅನ್ನುವುದರಿಂದ ಇದು ತೀರ್ಮಾನವಾಗುತ್ತದೆ. ರಾಜಧಾನಿಗಳ ಪಟ್ಟಿ ಉದ್ದ ಇರಬಹುದು, ಆದರೆ ಒಂದನ್ನು ಕಲಿಯಲು ಇನ್ನೊಂದು ಬೇಕಿಲ್ಲ. ಹಾಗಾಗಿ ಕೆಲಸ ಜಾಸ್ತಿ, ಈ ಹೊರೆ ಕಡಿಮೆ. ಸಮೀಕರಣದಲ್ಲಿ ಹಾಗಲ್ಲ. ಒಂದು ಕಡೆ ಮುಟ್ಟಿದರೆ ಇನ್ನೊಂದು ಕಡೆ ಬದಲಾಗುತ್ತದೆ, ಎಲ್ಲವನ್ನೂ ಒಟ್ಟಿಗೇ ನೋಡಬೇಕು.

ಬಾಹ್ಯ ಹೊರೆ ನಾವು ಪಾಠ ಮಾಡುವ ರೀತಿಯಿಂದ ಬರುವುದು. ಇದನ್ನು ಇಳಿಸುವುದು ಶಿಕ್ಷಕರ ಕೈಯಲ್ಲಿದೆ.

ಹಳೇ ನೋಟ್ಸುಗಳಲ್ಲಿ ಮೂರನೆಯದೊಂದು ಸಿಗುತ್ತದೆ, ಜರ್ಮೇನ್ ಹೊರೆ, ಅಂದರೆ ಕಲಿಕೆಗೇ ಬಳಕೆಯಾಗುವ ಒಳ್ಳೆಯ ಹೊರೆ. 1998ರಲ್ಲಿ ಸ್ವೆಲ್ಲರ್, ವಾನ್ ಮೆರಿಯೆನ್‌ಬೋರ್, ಪಾಸ್ ಮೂವರೂ ಹಾಗೆ ಬರೆದದ್ದು ನಿಜ. ಆದರೆ 2010ರ ಲೇಖನದಲ್ಲಿ ಸ್ವೆಲ್ಲರ್ ಅದನ್ನು ಬೇರೆ ಹೊರೆಯಾಗಿ ಎಣಿಸುವುದನ್ನು ಬಿಟ್ಟರು. ಆಂತರಿಕ ಹೊರೆಯನ್ನು ನಿಭಾಯಿಸಲು ಖರ್ಚಾಗುವ ಸ್ಮೃತಿಯ ಪಾಲು ಅದು, ಅಷ್ಟೇ ಅಂದರು. ನೀವು ಎರಡೇ ಹೇಳಿ. ಯಾರಾದರೂ 'ಮೂರು ಅಲ್ವಾ?' ಅಂದರೆ ಈ ಎರಡು ಇಸವಿ ಹೇಳಿ. ಸಂಶೋಧಕರ ಒಳಗೇ ಮಾತು ಬದಲಾಗಿದೆ ಅಂತ ತೋರಿಸಿದ ಹಾಗೂ ಆಯಿತು.

ಹಂತ 5: ಗಣಿತದ ಪಾಠ, ಸೆಮಿನಾರಿನ ಜೀವ ಇಲ್ಲಿದೆ

ಹತ್ತನೇ ತರಗತಿಯ ಎರಡು ಚರಾಕ್ಷರಗಳ ರೇಖಾತ್ಮಕ ಸಮೀಕರಣ, ವರ್ಜಿಸುವ ವಿಧಾನ. ಅಭ್ಯಾಸ ಪಾಠದಲ್ಲಿ ನಾವು ಸಾಮಾನ್ಯವಾಗಿ ಏನು ಮಾಡುತ್ತೇವೆ? ಬೋರ್ಡಿನ ಮೇಲೆ ಒಂದು ಲೆಕ್ಕ ಬೇಗ ಬೇಗ ಮಾಡಿ, ಐದು ಲೆಕ್ಕ ಕೊಟ್ಟು, 'ಮಾಡಿ' ಅಂತ ಸಾಲುಗಳ ನಡುವೆ ಓಡಾಡುತ್ತೇವೆ. ಮುಂದಿನ ಬೆಂಚಿನ ನಾಲ್ವರು ಮಾಡುತ್ತಾರೆ. ಉಳಿದವರು ಅವರದನ್ನು ನೋಡಿ ಬರೆಯುತ್ತಾರೆ.

ಈ ಒಂದು ಲೆಕ್ಕದಲ್ಲಿ ಹೊಸಬನ ತಲೆಯಲ್ಲಿ ಏನೇನು ಒಟ್ಟಿಗೆ ಇರಬೇಕು ಅಂತ ಸಭೆಯಿಂದಲೇ ಹೇಳಿಸಿ. ಯಾವ ಚರಾಕ್ಷರ ತೆಗೆಯಬೇಕು, ಮೊದಲನೆಯದನ್ನು ಎಷ್ಟರಿಂದ ಗುಣಿಸಬೇಕು, ಎರಡನೆಯದನ್ನು ಎಷ್ಟರಿಂದ, ಬಲಗಡೆಯ ಸಂಖ್ಯೆಯನ್ನೂ ಗುಣಿಸಬೇಕು, ಆಮೇಲೆ ಕೂಡಬೇಕೋ ಕಳೆಯಬೇಕೋ, ಕಳೆದರೆ ಎಲ್ಲ ಚಿಹ್ನೆಯೂ ಬದಲು. ಆರು ಆಯಿತು. ಇದು ಆಂತರಿಕ ಹೊರೆ. ಇದರ ಮೇಲೆ 'ಮುಂದಿನ ಹೆಜ್ಜೆ ಯಾವುದಪ್ಪಾ' ಅನ್ನುವ ಹುಡುಕಾಟವೂ ಸೇರಿದರೆ ಅದು ಬಾಹ್ಯ. ಆ ಹುಡುಕಾಟವನ್ನು ತೆಗೆಯುವುದೇ ಬಿಡಿಸಿದ ಲೆಕ್ಕದ ಕೆಲಸ. ಸ್ವೆಲ್ಲರ್ ಮತ್ತು ಕೂಪರ್ 1985ರಲ್ಲಿ ಬೀಜಗಣಿತದಲ್ಲೇ ಇದನ್ನು ಪರೀಕ್ಷಿಸಿದರು. ಬಿಡಿಸಿದ ಲೆಕ್ಕ ಓದಿ, ಅಂಥದ್ದೇ ಇನ್ನೊಂದನ್ನು ಮಾಡಿದವರು ಆಮೇಲೆ ಅದೇ ಬಗೆಯ ಲೆಕ್ಕಗಳನ್ನು ಬೇಗ ಮಾಡಿದರು, ತಪ್ಪೂ ಕಡಿಮೆ.

ಈಗ ಎಲ್ಲರಿಗೂ ಒಂದು ಜೆರಾಕ್ಸ್ ಹಾಳೆ ಹಂಚಿ. ಈಗಲೇ, ಸೆಮಿನಾರಿನ ಶುರುವಿನಲ್ಲಿ ಅಲ್ಲ. ಮೊದಲೇ ಕೊಟ್ಟರೆ ನೀವು ಮಾತಾಡುವಾಗ ಅವರು ಹಾಳೆ ಓದುತ್ತಾರೆ.

ಮೊದಲ ಲೆಕ್ಕ ಪೂರ್ತಿ ಬಿಡಿಸಿದ್ದು:

2x + 3y = 13
3x + 2y = 12

x ತೆಗೆಯೋಣ. ಮೊದಲನೆಯದನ್ನು 3ರಿಂದ, ಎರಡನೆಯದನ್ನು 2ರಿಂದ ಗುಣಿಸಿದರೆ ಎರಡರಲ್ಲೂ 6x ಬರುತ್ತದೆ:

6x + 9y = 39
6x + 4y = 24

ಕಳೆದರೆ 5y = 15, ಅಂದರೆ y = 3. ಮೊದಲ ಸಮೀಕರಣದಲ್ಲಿ ಹಾಕಿದರೆ 2x + 9 = 13, x = 2.

ಇದನ್ನು ಮಕ್ಕಳ ಮುಂದೆ ಸುಮ್ನೆ ಇಟ್ಟರೆ ಆಗುವುದಿಲ್ಲ. ಕಣ್ಣಾಡಿಸಿ 'ಅರ್ಥವಾಯಿತು ಮಿಸ್' ಅಂದುಬಿಡುತ್ತಾರೆ. ಹೆಜ್ಜೆಗೊಂದು ಪ್ರಶ್ನೆ ಬೇಕು: ಯಾಕೆ 3ರಿಂದ ಗುಣಿಸಿದೆವು, 2ರಿಂದ ಯಾಕಲ್ಲ? 13 ಹೋಗಿ 39 ಯಾಕಾಯಿತು? ಪಕ್ಕದವರಿಗೆ ಒಂದು ನಿಮಿಷ ಹೇಳಲಿ. ಹೇಳಲಾಗದಿದ್ದರೆ ಅರ್ಥವಾಗಿಲ್ಲ ಅಂತಲೇ ಲೆಕ್ಕ.

ಎರಡನೇ ಲೆಕ್ಕ ಅರ್ಧ ಬಿಡಿಸಿದ್ದು:

4x + 3y = 23
3x + 5y = 20

12x + 9y = 69
12x + 20y = 80

ಇಲ್ಲಿಂದ ಮುಂದೆ ಖಾಲಿ. ಗಮನಿಸಿ, ಖಾಲಿ ಬಿಟ್ಟಿದ್ದು ಕೊನೆಯ ಹೆಜ್ಜೆಗಳನ್ನು. ಮೊದಲ ಹೆಜ್ಜೆ ನಮ್ಮದು, ಕೊನೆ ಮಕ್ಕಳದು. ಉತ್ತರ y = 1, x = 5. ಇಲ್ಲಿ ಕೆಲವರು ಮೇಲಿನದರಿಂದ ಕೆಳಗಿನದನ್ನು ಕಳೆದು −11y = −11 ಬರೆಯುತ್ತಾರೆ. ಅದೂ ಸರಿಯೇ. ಆದರೆ 69 − 80 ಅನ್ನು 11 ಅಂತ ಬರೆದು y = −1 ಮಾಡಿಕೊಳ್ಳುವವರು ಇರುತ್ತಾರೆ. ಅಂಥ ತಪ್ಪು ಕಂಡರೆ ಖುಷಿಪಡಿ, ತೊಂದರೆ ವರ್ಜಿಸುವ ವಿಧಾನದಲ್ಲಿ ಇಲ್ಲ, ಋಣ ಸಂಖ್ಯೆಯಲ್ಲಿ ಇದೆ ಅಂತ ಕರಾರುವಾಕ್ಕಾಗಿ ಗೊತ್ತಾಯಿತು. ಪೂರ್ತಿ ಲೆಕ್ಕ ಕೊಟ್ಟಿದ್ದರೆ ಎಲ್ಲಿ ಜಾರಿದರು ಅಂತ ತಿಳಿಯುತ್ತಿರಲಿಲ್ಲ.

ಮೂರನೆಯದು ಪೂರ್ತಿ ಅವರದು:

5x − 2y = 4
3x + 4y = 18

ಇದರಲ್ಲಿ ಒಂದನ್ನು ಮಾತ್ರ ಗುಣಿಸಿದರೆ ಸಾಕು, ಕಳೆಯುವ ಬದಲು ಕೂಡಬೇಕು. 10x − 4y = 8 ಮಾಡಿಕೊಂಡು ಕೂಡಿದರೆ 13x = 26, x = 2, y = 3. ಮೊದಲೆರಡನ್ನು ಬಾಯಿಪಾಠ ಮಾಡಿದ ಮಗು ಇಲ್ಲೂ ಕಳೆಯುತ್ತದೆ. ಅಂಥವರು ತರಗತಿಯಲ್ಲಿ ಜಾಸ್ತಿ ಇದ್ದರೆ ನೀವು ಬೇಗ ಕೈ ಬಿಟ್ಟಿರಿ ಅಂತ ಅರ್ಥ. ಇನ್ನೊಂದು ಅರ್ಧ ಬಿಡಿಸಿದ ಲೆಕ್ಕ ಕೊಡಿ, ಈ ಸಲ ಕೂಡುವಂಥದ್ದು.

ಹಂತ 6: ಹೃದಯದ ಚಿತ್ರ, ಎರಡೇ ನಿಮಿಷ

ಹೃದಯದ ಚಿತ್ರ ಬರೆದು 1, 2, 3 ಅಂತ ಸಂಖ್ಯೆ ಹಾಕಿ, ಕೆಳಗೆ 'ಬಲ ಹೃತ್ಕರ್ಣ, ಬಲ ಹೃತ್ಕುಕ್ಷಿ' ಅಂತ ಪಟ್ಟಿ ಕೊಡುವ ಚಾರ್ಟು ಎಲ್ಲ ಶಾಲೆಯಲ್ಲೂ ಸಿಗುತ್ತದೆ. ಮಗುವಿನ ಕಣ್ಣು ಚಿತ್ರಕ್ಕೂ ಪಟ್ಟಿಗೂ ಓಡಾಡುತ್ತಲೇ ಇರುತ್ತದೆ. '3 ಅಂದರೆ ಯಾವುದಿತ್ತು' ಅಂತ ಹಿಡಿದುಕೊಳ್ಳುವುದರಲ್ಲೇ ಜಾಗ ಖರ್ಚು. ಹೆಸರನ್ನು ಆ ಭಾಗದ ಮೇಲೇ, ಇಲ್ಲವೇ ಪಕ್ಕದಲ್ಲೇ ಬರೆಯಿರಿ. ರಕ್ತ ಹರಿಯುವ ಹೆಜ್ಜೆಗಳನ್ನೂ ಬಾಣದ ಪಕ್ಕದಲ್ಲೇ. ಎರಡೂ ಚಿತ್ರವನ್ನು ಅಕ್ಕಪಕ್ಕ ತೋರಿಸಿದರೆ ಸಾಕು, ವಿವರಣೆ ಬೇಕಿಲ್ಲ. ಪರೀಕ್ಷೆಗೆ ಸಂಖ್ಯೆ ಹಾಕಿದ ಚಿತ್ರ ಬಂದರೆ ಬರಲಿ, ಅದು ಕಲಿತ ಮೇಲಿನ ಮಾತು.

ಹಂತ 7: ಎಲ್ಲಿ ಕೈಕೊಡುತ್ತದೆ ಅಂತ ನೀವೇ ಹೇಳಿ

ಬಿಡಿಸಿದ ಲೆಕ್ಕ ಹೊಸಬರಿಗೆ ಮಾತ್ರ. ವಿಧಾನ ಗೊತ್ತಿರುವವರಿಗೆ ಅದೇ ಹೊರೆಯಾಗುತ್ತದೆ, ಯಾಕೆಂದರೆ ತಲೆಯಲ್ಲಿರುವುದನ್ನೂ ಹಾಳೆಯಲ್ಲಿರುವುದನ್ನೂ ತಾಳೆ ನೋಡಬೇಕು. ಸ್ಲಾವಾ ಕಲ್ಯುಗಾ ಮತ್ತು ಜೊತೆಗಾರರು 2003ರಲ್ಲಿ ಇದನ್ನು ಎಕ್ಸ್‌ಪರ್ಟೀಸ್ ರಿವರ್ಸಲ್ ಅಂತ ವಿವರಿಸಿದರು. ಒಂಬತ್ತು ಅಕ್ಷರದ ಆಟಕ್ಕೆ ಮತ್ತೆ ಬೆರಳು ತೋರಿಸಿ: ಕನ್ನಡ ಬಲ್ಲವರಿಗೆ 'ಕಮಲ' ಪದವನ್ನು ಕ, ಮ, ಲ ಅಂತ ಬಿಡಿಸಿ ಹೇಳಿಕೊಟ್ಟರೆ ಸಹಾಯವಲ್ಲ, ಕಿರಿಕಿರಿ.

ನಲವತ್ತು ಮಕ್ಕಳ ತರಗತಿಯಲ್ಲಿ ಯಾರು ಹೊಸಬರು ಅಂತ ಗೊತ್ತಾಗುವುದು ಹೇಗೆ? ಒಂದು ಲೆಕ್ಕ ಕೊಟ್ಟು, 'ಮೊದಲ ಹೆಜ್ಜೆ ಮಾತ್ರ ಬರೆಯಿರಿ' ಅನ್ನಿ, ಅರ್ಧ ನಿಮಿಷ. ಗುಣಿಸಿ ಬರೆದವರು ಮೂರನೇ ಲೆಕ್ಕಕ್ಕೆ ಹೋಗಲಿ. ಪೆನ್ಸಿಲ್ ಹಿಡಿದು ಕೂತವರಿಗೆ ಮೊದಲನೆಯದು.

ಹೊರೆಯನ್ನು ಅಳೆಯುವುದೂ ಕಷ್ಟವೇ. ಫ್ರೆಡ್ ಪಾಸ್ 1992ರಲ್ಲಿ ಬಳಸಿದ ಒಂಬತ್ತು ಅಂಕದ ಮಾಪನ ಇದೆ. ಎಷ್ಟು ಮಾನಸಿಕ ಶ್ರಮ ಆಯಿತು ಅಂತ ಕಲಿಯುವವರೇ 1ರಿಂದ 9ರವರೆಗೆ ಗುರುತಿಸುತ್ತಾರೆ. ಕ್ರಿಯಾ ಸಂಶೋಧನೆಗೆ ಸುಲಭ. ಆದರೆ 8 ಅಂದ ಮಗುವಿಗೆ ಲೆಕ್ಕ ಕಷ್ಟವಾಯಿತೋ, ನಿಮ್ಮ ವಿವರಣೆ ಕಷ್ಟವಾಯಿತೋ ಅದು ಹೇಳುವುದಿಲ್ಲ.

ಹಂತ 8: ಸ್ಲೈಡು ಮತ್ತು ತಾಲೀಮು

ಎಂಟು ಸ್ಲೈಡ್ ಮೀರಬೇಡಿ. ನೀವು ಬಾಯಲ್ಲಿ ಹೇಳುವ ವಾಕ್ಯ ಸ್ಲೈಡಿನಲ್ಲಿ ಇರಬಾರದು. ಅದೇ ಮಾತನ್ನು ಕಣ್ಣೂ ಕಿವಿಯೂ ಒಟ್ಟಿಗೆ ಪಡೆದರೆ ಎರಡನ್ನೂ ಹೊಂದಿಸಿ ನೋಡುವುದೇ ಹೆಚ್ಚುವರಿ ಕೆಲಸ. ಸ್ಲೈಡಿನಲ್ಲಿ ಚಿತ್ರ ಅಥವಾ ಲೆಕ್ಕ, ಬಾಯಲ್ಲಿ ವಿವರಣೆ. ಮೂಲೆಯಲ್ಲಿ ತಿರುಗುವ ಹೂವು, ಕಾಲೇಜಿನ ಲೋಗೋ, ಸುವಿಚಾರ ಎಲ್ಲ ತೆಗೆಯಿರಿ. ಎರಡು ಪೆಟ್ಟಿಗೆಯ ಚಿತ್ರವನ್ನು ಬೋರ್ಡಿನಲ್ಲೇ ಬರೆದು ಕೊನೆಯವರೆಗೂ ಅಳಿಸದೆ ಬಿಡಿ, ಪ್ರತಿ ಸಲ ಬೆರಳು ತೋರಿಸಬಹುದು. ಸ್ಲೈಡ್ ಆದರೆ ಮುಂದೆ ಹೋದ ತಕ್ಷಣ ಮಾಯ.

ತಾಲೀಮನ್ನು ವಿಷಯ ಗೊತ್ತಿಲ್ಲದವರ ಮುಂದೆ ಮಾಡಿ. ನಾನು ಎರಡನೇ ಸಲ ಕೊಡುವ ಮುಂಚೆ ನಮ್ಮ ಅಕ್ಕನ ಮುಂದೆ ಮಾಡಿದ್ದೆ. ಸ್ಕೀಮಾ ಅಂದಾಗ ಅವಳು "ಸರ್ಕಾರದ ಸ್ಕೀಮಾ?" ಅಂದಳು. ಅವತ್ತಿನಿಂದ 'ಕಟ್ಟು' ಅನ್ನುವ ಪದ ಮೊದಲು ಹೇಳಿ, ಆಮೇಲೆ ಸ್ಕೀಮಾ ಅನ್ನುತ್ತೇನೆ.

ಹಂತ 9: ಬರುವ ಪ್ರಶ್ನೆಗಳು

ಒಂದು ಪ್ರಶ್ನೆ ಖಂಡಿತ ಬರುತ್ತದೆ: ಎನ್‌ಸಿಎಫ್ 2005 ರಚನಾವಾದ ಅನ್ನುತ್ತದೆ, ಮಗು ತಾನೇ ಜ್ಞಾನ ಕಟ್ಟಿಕೊಳ್ಳಬೇಕು ಅನ್ನುತ್ತದೆ, ನೀವು ಬಿಡಿಸಿ ಕೊಡಿ ಅನ್ನುತ್ತೀರಲ್ಲ? ಕಿರ್ಷ್ನರ್, ಸ್ವೆಲ್ಲರ್, ಕ್ಲಾರ್ಕ್ 2006ರಲ್ಲಿ ಇದೇ ಜಗಳ ತೆಗೆದಿದ್ದರು. ಮಗು ತಾನೇ ಕಟ್ಟಿಕೊಳ್ಳುತ್ತದೆ ಅನ್ನುವುದು ಕಲಿಕೆಯ ವಿವರಣೆ. ಅದರಿಂದ ಶಿಕ್ಷಕರು ಸುಮ್ಮನಿರಬೇಕು ಅಂತ ಆಗುವುದಿಲ್ಲ ಅನ್ನುವುದು ಅವರ ವಾದ. ಬಿಡಿಸಿದ ಲೆಕ್ಕವನ್ನು ನೋಡಿ 'ಯಾಕೆ 3ರಿಂದ' ಅಂತ ಯೋಚಿಸುವ ಮಗು ಕೂಡ ಕಟ್ಟಿಕೊಳ್ಳುತ್ತಲೇ ಇದೆ. ಆದರೆ ಎಲ್ಲರೂ ಇದನ್ನು ಒಪ್ಪಿಲ್ಲ. ಮನು ಕಪೂರ್ ಅವರ 'ಪ್ರೊಡಕ್ಟಿವ್ ಫೇಲ್ಯೂರ್' ಕೆಲಸದಲ್ಲಿ ಮೊದಲು ಒದ್ದಾಡಿ, ಆಮೇಲೆ ಪಾಠ ಕೇಳಿದವರು ಪರಿಕಲ್ಪನೆಯನ್ನು ಚೆನ್ನಾಗಿ ಹಿಡಿದರು. ಅದನ್ನೂ ಹೇಳಿ. ಅಲ್ಲೂ ಒದ್ದಾಟದ ನಂತರ ಪಾಠ ಇದ್ದೇ ಇತ್ತು ಅನ್ನುವುದನ್ನು ಮರೆಯಬೇಡಿ.

ಇನ್ನೊಂದು ಪ್ರಶ್ನೆ ಸಾಮಾನ್ಯವಾಗಿ ಭಾಷಾ ವಿಷಯದವರದು: 'ಕನ್ನಡ ಪಾಠಕ್ಕೆ ಇದು ಹೇಗೆ?' ಪತ್ರಲೇಖನ ತೆಗೆದುಕೊಳ್ಳಿ. ಒಂದು ಪೂರ್ತಿ ಮನವಿ ಪತ್ರ, ಆಮೇಲೆ ಕೊನೆಯ ಪ್ಯಾರಾ ಖಾಲಿ ಇರುವ ಪತ್ರ, ಆಮೇಲೆ ವಿಷಯ ಮಾತ್ರ. ಕವಿತೆಗೆ ಹೀಗೆ ಮಾಡಲು ಹೋಗಬೇಡಿ. ಕವಿತೆಯಲ್ಲಿ ಎಲ್ಲರೂ ತಲುಪಬೇಕಾದ ಒಂದೇ ಉತ್ತರ ಇರುವುದಿಲ್ಲ, ಬಿಡಿಸಿ ಕೊಟ್ಟರೆ ಮಕ್ಕಳು ನಿಮ್ಮ ಅರ್ಥವನ್ನೇ ಬರೆದು ಒಪ್ಪಿಸುತ್ತಾರೆ.